2ಎ ಒಂದು ಮೊತ್ತ, 2ಬಿ ಇನ್ನೊಂದು ಮೊತ್ತ: ಎರಡೂ ಸರಿ ಇರೋದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಜಿಎಸ್‌ಟಿ ಪೋರ್ಟಲ್‌ನಿಂದ ಒಂದೇ ತಿಂಗಳಿನ ಜಿಎಸ್‌ಟಿಆರ್-2ಎ ಮತ್ತು ಜಿಎಸ್‌ಟಿಆರ್-2ಬಿ ಎಕ್ಸೆಲ್ ಫೈಲುಗಳನ್ನು ಇಳಿಸಿ, ಮೊತ್ತ ಹೊಂದುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಅಂಗಡಿ ಮಾಲೀಕರಿಗೆ, ಅಕೌಂಟೆಂಟ್‌ಗಳಿಗೆ ಈ ಪುಟ. ಎರಡೂ ನಿಮ್ಮ ಸಪ್ಲೈಯರ್‌ಗಳು ತೋರಿಸಿದ ಖರೀದಿ ಬಿಲ್ಲುಗಳ ಪಟ್ಟಿಗಳೇ. ವ್ಯತ್ಯಾಸ ಇರುವುದು ಸಹಜ. ಆದರೆ 'ಟೈಮಿಂಗ್ ವ್ಯತ್ಯಾಸ' ಎಂದು ಒಂದು ಮಾತು ಬರೆದು ಮುಂದೆ ಹೋದರೆ ಸಾಲದು. ಯಾವ ಬಿಲ್ಲು, ಯಾವ ತಾರೀಖಿನಿಂದಾಗಿ ಆಚೆ ಉಳಿಯಿತು ಎಂದು ಸಾಲು ಸಾಲಾಗಿ ತೋರಿಸಲು ಬರಬೇಕು.

ಎರಡೂ ಒಂದೇ ಪೋರ್ಟಲ್‌ನಿಂದ ಬರುತ್ತವೆ, ಎರಡೂ ಮೇ ತಿಂಗಳಿನವು. ಮತ್ತೆ ಮೊತ್ತ ಬೇರೆ ಯಾಕೆ?

ಎರಡರಲ್ಲೂ 'ಮೇ' ಎಂಬ ಹೆಸರಿದೆ, ಆದರೆ ಆ ಮೇ ಒಂದೇ ಅಲ್ಲ. ಇದೊಂದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ.

ಒಂದು ಖರೀದಿ ಬಿಲ್ಲಿಗೆ ಮೂರು ತಾರೀಖು ಇರುತ್ತವೆ. ಒಂದು, ಬಿಲ್ಲಿನ ಮೇಲೆ ಬರೆದ ತಾರೀಖು. ಎರಡು, ನಿಮಗೆ ಮಾಲು ಕೊಟ್ಟವರು ಅದನ್ನು ಯಾವ ತಿಂಗಳಿನ ಜಿಎಸ್‌ಟಿಆರ್-1 ರಿಟರ್ನ್‌ನಲ್ಲಿ ತೋರಿಸಿದರು ಎಂಬ ಅವಧಿ. ಮೂರು, ಆ ರಿಟರ್ನನ್ನು ಅವರು ನಿಜವಾಗಿ ಫೈಲ್ ಮಾಡಿದ ದಿನ.

2ಎ ನೋಡುವುದು ಎರಡನೆಯದನ್ನು. ಸಪ್ಲೈಯರ್ ಮೇ ತಿಂಗಳ ಜಿಎಸ್‌ಟಿಆರ್-1ರಲ್ಲಿ ಹಾಕಿದ್ದರೆ ಅದು ಮೇ 2ಎಯಲ್ಲಿ ಕೂರುತ್ತದೆ. ಅವರು ಫೈಲ್ ಮಾಡಿದ್ದು ಜೂನ್ 9ಕ್ಕೋ ಆಗಸ್ಟ್ 20ಕ್ಕೋ ಎಂಬುದು ಅದಕ್ಕೆ ಮುಖ್ಯವಲ್ಲ. ಹಾಗಾಗಿ ಮೇ 2ಎ ಯಾವತ್ತೂ ಮುಚ್ಚುವುದಿಲ್ಲ. ಇವತ್ತು ಇಳಿಸಿದ ಫೈಲಿಗೂ ಮುಂದಿನ ತಿಂಗಳು ಇಳಿಸಿದ ಫೈಲಿಗೂ ಮೊತ್ತ ಬೇರೆಯಾಗಬಹುದು.

2ಬಿ ನೋಡುವುದು ಮೂರನೆಯದನ್ನು, ಅಂದರೆ ಫೈಲ್ ಮಾಡಿದ ದಿನವನ್ನು. ಅದಕ್ಕೊಂದು ಕಿಟಕಿ ಇದೆ. ಆ ಕಿಟಕಿಯೊಳಗೆ ಫೈಲ್ ಆದದ್ದು ಒಳಗೆ, ಆಗದ್ದು ಆಚೆ. ಸಪ್ಲೈಯರ್ ಅದನ್ನು ಏಪ್ರಿಲ್ ರಿಟರ್ನ್‌ನಲ್ಲಿ ಹಾಕಿದರೂ ಸರಿ, ಮೇ ರಿಟರ್ನ್‌ನಲ್ಲಿ ಹಾಕಿದರೂ ಸರಿ.

ಬಿಲ್ಲಿನ ತಾರೀಖು ಈ ಎರಡಕ್ಕೂ ಬೇಡ. ಅದನ್ನು ನೋಡುವುದು ನಿಮ್ಮ ಪುಸ್ತಕ ಮಾತ್ರ. ಏಪ್ರಿಲ್ 28ರ ಬಿಲ್ಲನ್ನು ಸಪ್ಲೈಯರ್ ಮರೆತು, ಮೇ ರಿಟರ್ನ್‌ನಲ್ಲಿ ಸೇರಿಸಿ ಸಮಯಕ್ಕೆ ಫೈಲ್ ಮಾಡಿದರೆ ಅದು ಮೇ 2ಎಯಲ್ಲೂ ಇರುತ್ತದೆ, ಮೇ 2ಬಿಯಲ್ಲೂ ಇರುತ್ತದೆ. ನಿಮ್ಮ ಏಪ್ರಿಲ್ ಖರೀದಿ ರಿಜಿಸ್ಟರ್‌ನಲ್ಲಿ ಮಾತ್ರ ಜೋಡಿಯಿಲ್ಲದೆ ಉಳಿಯುತ್ತದೆ.

2ಬಿಯ ಕಿಟಕಿ ಸರಿಯಾಗಿ ಎಲ್ಲಿಂದ ಎಲ್ಲಿಗೆ?

ತಿಂಗಳಿಗೊಮ್ಮೆ ಫೈಲ್ ಮಾಡುವ ಸಪ್ಲೈಯರ್‌ಗೆ ಜಿಎಸ್‌ಟಿಆರ್-1ರ ಕೊನೆಯ ದಿನ ಮುಂದಿನ ತಿಂಗಳ 11. ಆದ್ದರಿಂದ ಮೇ 2025ರ 2ಬಿಗೆ ಕಿಟಕಿ ಮೇ 12ರ ಶುರುವಿನಿಂದ ಜೂನ್ 11ರ ರಾತ್ರಿವರೆಗೆ. ಮೂರು ತಿಂಗಳಿಗೊಮ್ಮೆ ಫೈಲ್ ಮಾಡುವ ಸಣ್ಣ ವ್ಯಾಪಾರಿಗಳು ನಡುವಿನ ತಿಂಗಳಲ್ಲಿ ಐಎಫ್‌ಎಫ್ ಎಂಬ ಸೌಲಭ್ಯದ ಮೂಲಕ ಬಿಲ್ಲು ಹಾಕುತ್ತಾರೆ. ಅವರಿಗೆ ಕೊನೆಯ ದಿನ 13. ಅವರ ಕಿಟಕಿ ಮೇ 14ರಿಂದ ಜೂನ್ 13ರವರೆಗೆ. 14ನೇ ತಾರೀಖು 2ಬಿ ತಯಾರಾಗುತ್ತದೆ. ಸರ್ಕಾರ ಯಾವುದಾದರೂ ತಿಂಗಳಲ್ಲಿ ಜಿಎಸ್‌ಟಿಆರ್-1ರ ಕೊನೆಯ ದಿನವನ್ನು ಮುಂದೂಡಿದರೆ ಕಿಟಕಿಯೂ ಜರುಗುತ್ತದೆ, ಹಾಗಾಗಿ ಹೋಲಿಸುವ ಮುನ್ನ ಆ ತಿಂಗಳಿನ ಅಧಿಸೂಚನೆ ನೋಡಿಕೊಳ್ಳಿ.

ಇಲ್ಲೊಂದು ಸಣ್ಣ ಬಲೆ ಇದೆ. ಜೂನ್ 12ಕ್ಕೆ ಇಬ್ಬರು ಸಪ್ಲೈಯರ್‌ಗಳು ಫೈಲ್ ಮಾಡಿದ್ದಾರೆ ಎಂದುಕೊಳ್ಳಿ. ಒಬ್ಬರು ತಿಂಗಳ ಲೆಕ್ಕದವರು, ಇನ್ನೊಬ್ಬರು ಐಎಫ್‌ಎಫ್‌ನವರು. ಮೊದಲನೆಯವರ ಬಿಲ್ಲು ಮೇ 2ಬಿಗೆ ತಪ್ಪಿಹೋಗುತ್ತದೆ, ಎರಡನೆಯವರದು ಒಳಗೆ ಬರುತ್ತದೆ. ಒಂದೇ ದಿನ ಫೈಲ್ ಆದವು, ಒಂದು ಬಂದು ಇನ್ನೊಂದು ಯಾಕೆ ಬರಲಿಲ್ಲ ಎಂದು ಗಾಬರಿಯಾಗಬೇಡಿ. ಪೋರ್ಟಲ್‌ನ `Search Taxpayer` ಪುಟದಲ್ಲಿ ಜಿಎಸ್‌ಟಿ ನಂಬರ್ ಹಾಕಿದರೆ ಅವರು ತಿಂಗಳ ಲೆಕ್ಕದವರೋ ಮೂರು ತಿಂಗಳವರೋ ಗೊತ್ತಾಗುತ್ತದೆ.

ಒಂದು ಉದಾಹರಣೆ ಹಾಕಿ ತೋರಿಸಬಹುದಾ?

ಹುಬ್ಬಳ್ಳಿಯಲ್ಲಿ ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ ಎಂದುಕೊಳ್ಳೋಣ. ಅಂಕಿಗಳು ಲೆಕ್ಕ ಅರ್ಥವಾಗಲಿ ಎಂದು ಹಾಕಿದವು. ಎಲ್ಲ ಖರೀದಿಯೂ 18% ತೆರಿಗೆಯದು, ಎಲ್ಲ ಸಪ್ಲೈಯರ್‌ಗಳೂ ತಿಂಗಳ ಲೆಕ್ಕದವರು.

ಮೇ 2025ರ 2ಬಿಯನ್ನು ಜೂನ್ 14ಕ್ಕೆ ಇಳಿಸಿದರು. ತೆರಿಗೆ ಮೊತ್ತ 1,84,500 ರೂಪಾಯಿ. ಮೇ 2025ರ 2ಎಯನ್ನು ಜುಲೈ 5ಕ್ಕೆ ಇಳಿಸಿದರು. ಅಲ್ಲಿ 2,05,200. 2ಎಯಲ್ಲಿ 20,700 ಜಾಸ್ತಿ ಇದೆ.

ಈಗ ಎರಡೂ ಫೈಲಿನ ಸಾಲುಗಳನ್ನು ಜೋಡಿಸಿದಾಗ 1,80,000 ರೂಪಾಯಿಯಷ್ಟು ತೆರಿಗೆ ಎರಡರಲ್ಲೂ ಒಂದೇ ರೀತಿ ಸಿಕ್ಕಿತು. ಅದನ್ನು ಪಕ್ಕಕ್ಕೆ ಇಡೋಣ. ಉಳಿದದ್ದು ನಾಲ್ಕೇ ಸಾಲು.

ಮೊದಲನೆಯದು ವೈರ್ ಸಪ್ಲೈಯರ್ ಒಬ್ಬರದು. ಅವರ ಮೇ ರಿಟರ್ನ್ ಫೈಲ್ ಆದದ್ದು ಜೂನ್ 16ಕ್ಕೆ, ಐದು ದಿನ ತಡವಾಗಿ. 1 ಲಕ್ಷದ ಮಾಲು, 18,000 ತೆರಿಗೆ. 2ಎ ಅದನ್ನು ಮೇ ತಿಂಗಳಿಗೇ ಸೇರಿಸಿತು. 2ಬಿಗೆ ಕಿಟಕಿ ಮುಚ್ಚಿತ್ತು.

ಎರಡನೆಯದು ಮತ್ತು ಮೂರನೆಯದು ಒಬ್ಬರೇ ಸ್ವಿಚ್ ಸಪ್ಲೈಯರ್‌ದು. ಏಪ್ರಿಲ್ ರಿಟರ್ನನ್ನು ಅವರು ಮೇ 19ಕ್ಕೆ ತಡವಾಗಿ ಫೈಲ್ ಮಾಡಿದರು. ಅದರಲ್ಲಿ 9,000 ತೆರಿಗೆಯ ಒಂದು ಬಿಲ್ಲು ಇತ್ತು. ವಾಪಸ್ ಹೋದ ಮಾಲಿಗೆ 4,500 ತೆರಿಗೆಯ ಒಂದು ಕ್ರೆಡಿಟ್ ನೋಟೂ ಇತ್ತು. ಮೇ 19 ಎಂದರೆ ಮೇ 2ಬಿಯ ಕಿಟಕಿಯೊಳಗೆ. ಹಾಗಾಗಿ ಎರಡೂ ಮೇ 2ಬಿಗೆ ಬಂದವು. 2ಎ ಮಾತ್ರ ಅವನ್ನು ಏಪ್ರಿಲ್ ತಿಂಗಳಿಗೆ ಹಾಕಿತು.

ನಾಲ್ಕನೆಯದು 7,200 ತೆರಿಗೆಯ ಒಂದು ಫ್ಯಾನ್ ಬಿಲ್ಲು. 2ಎ ಫೈಲಿನಲ್ಲಿ ಅದರ ಮುಂದೆ ಫೈಲಿಂಗ್ ಸ್ಥಿತಿ `N` ಎಂದಿದೆ. ಸಪ್ಲೈಯರ್ ಬಿಲ್ಲನ್ನು ಪೋರ್ಟಲ್‌ಗೆ ಹಾಕಿದ್ದಾರೆ, ರಿಟರ್ನ್ ಇನ್ನೂ ಫೈಲ್ ಮಾಡಿಲ್ಲ.

ಈಗ 2ಬಿಯಿಂದ ಹೊರಟು 2ಎವರೆಗೆ ನಡೆಯೋಣ:

```
ಮೇ 2ಬಿ (14-06-2025ಕ್ಕೆ ಇಳಿಸಿದ್ದು)          1,84,500
+ ಮೇ ರಿಟರ್ನ್, 16-06ಕ್ಕೆ ಫೈಲ್                 18,000
- ಏಪ್ರಿಲ್ ರಿಟರ್ನ್ ಬಿಲ್ಲು, 19-05ಕ್ಕೆ ಫೈಲ್       9,000
+ ಏಪ್ರಿಲ್ ರಿಟರ್ನ್ ಕ್ರೆಡಿಟ್ ನೋಟ್, 19-05        4,500
+ ಫೈಲ್ ಆಗದ ಸಾಲು (N)                        7,200
ಮೇ 2ಎ (05-07-2025ಕ್ಕೆ ಇಳಿಸಿದ್ದು)          2,05,200
```

ಕ್ರೆಡಿಟ್ ನೋಟ್ ಮುಂದೆ ಕೂಡಿಸುವ ಗುರುತು ಯಾಕೆ ಎಂದು ಕೆಲವರಿಗೆ ಅನಿಸುತ್ತದೆ. ಅದು 2ಬಿ ಮೊತ್ತವನ್ನು 4,500 ಕಡಿಮೆ ಮಾಡಿತ್ತು. 2ಎಯಲ್ಲಿ ಆ ಕಡಿತ ಇಲ್ಲ. ಆದ್ದರಿಂದ 2ಎವರೆಗೆ ಹೋಗುವಾಗ ಅದನ್ನು ವಾಪಸ್ ಸೇರಿಸಬೇಕು.

ನಿವ್ವಳ ವ್ಯತ್ಯಾಸ 20,700 ಅಷ್ಟೆ. ಆದರೆ ಜಾಗ ಬದಲಿಸಿದ ಸಾಲುಗಳ ತೆರಿಗೆ ಒಟ್ಟು 38,700. ಮೊತ್ತಗಳನ್ನು ಮಾತ್ರ ಹೋಲಿಸಿದವರಿಗೆ ಇದು ಕಾಣುವುದೇ ಇಲ್ಲ. ಹಾಗೆಯೇ, ಎರಡು ಮೊತ್ತ ಅಕಸ್ಮಾತ್ ಒಂದೇ ಆಗಿದ್ದರೂ ಒಳಗಿನ ಬಿಲ್ಲುಗಳು ಬೇರೆ ಬೇರೆ ಇರಬಹುದು. ಮೊತ್ತ ಹೊಂದಿತು ಎಂದು ಸುಮ್ನೆ ಬಿಡುವುದು ಹೊಂದದಿರುವುದಕ್ಕಿಂತ ಅಪಾಯ.

ಈ ವಿವರಣೆ ನಿಜವೇ ಎಂದು ಪರೀಕ್ಷೆ ಮಾಡೋದು ಹೇಗೆ? ನಾವು ಹೇಳಿದ್ದೇ ಸರಿ ಅಂತ ಹೇಗೆ ಒಪ್ಪೋದು?

ಸಮಯದಿಂದ ಬಂದ ವ್ಯತ್ಯಾಸ ಎಂದರೆ ಆ ಸಾಲು ಇನ್ನೊಂದು ಫೈಲಿನಲ್ಲಿ ಸಿಗಲೇಬೇಕು. ಸಿಗುವ ಜಾಗವನ್ನು ನೀವು ಮೊದಲೇ ಹೇಳಲು ಬರಬೇಕು.

ಮೇಲಿನ ಉದಾಹರಣೆಯಲ್ಲಿ ವೈರ್ ಬಿಲ್ಲಿನ 18,000 ಜುಲೈ 14ಕ್ಕೆ ತಯಾರಾಗುವ ಜೂನ್ 2ಬಿಯಲ್ಲಿ ಕಾಣಬೇಕು. ಅದರ ಸಾಲಿನಲ್ಲಿ ರಿಟರ್ನ್ ಅವಧಿ ಮೇ ಎಂದೂ ಫೈಲ್ ಮಾಡಿದ ದಿನ 16/06/2025 ಎಂದೂ ಇರಬೇಕು. ಸ್ವಿಚ್ ಸಪ್ಲೈಯರ್‌ನ ಎರಡು ಸಾಲುಗಳು ಏಪ್ರಿಲ್ 2ಎಯಲ್ಲಿ ಸಿಗಬೇಕು, ಇವತ್ತೇ ತೆಗೆದು ನೋಡಬಹುದು. ಈ ಮೂರೂ ಸಿಕ್ಕಿದರೆ ಅವು ಮುಗಿದ ಲೆಕ್ಕ.

ಫ್ಯಾನ್ ಬಿಲ್ಲಿನ 7,200 ಹಾಗಲ್ಲ. ಸಪ್ಲೈಯರ್ ಯಾವಾಗ ಫೈಲ್ ಮಾಡುತ್ತಾರೋ ಆ ದಿನ ಬೀಳುವ ಕಿಟಕಿಯ 2ಬಿಗೆ ಅದು ಬರುತ್ತದೆ. ಫೈಲ್ ಮಾಡದಿದ್ದರೆ ಬರುವುದೇ ಇಲ್ಲ. ಇದನ್ನು ಟೈಮಿಂಗ್ ಪಟ್ಟಿಯಲ್ಲಿ ಸೇರಿಸಿ ಮರೆಯಬೇಡಿ. ಬೇರೆ ಹಾಳೆಯಲ್ಲಿ ಇಟ್ಟು ಸಪ್ಲೈಯರ್‌ಗೆ ಫೋನ್ ಮಾಡಿ. ಅವರ ಮುಂದಿನ ಪೇಮೆಂಟ್‌ನಲ್ಲಿ ತೆರಿಗೆ ಭಾಗವನ್ನು ಹಿಡಿದಿಡುವ ಅಂಗಡಿಗಳೂ ಇವೆ. ಮೊದಲೇ ಮಾತಾಡಿಕೊಂಡಿದ್ದರೆ ಅದು ನ್ಯಾಯವೇ ಎಂದು ನನ್ನ ಅಭಿಪ್ರಾಯ.

ಎಕ್ಸೆಲ್‌ನಲ್ಲಿ ಸಾಲು ಸಾಲು ಹೇಗೆ ಜೋಡಿಸೋದು?

ಎರಡೂ ಫೈಲಿನಲ್ಲಿ `B2B` ಹಾಳೆ ಬಿಲ್ಲುಗಳದು. ಕ್ರೆಡಿಟ್ ಮತ್ತು ಡೆಬಿಟ್ ನೋಟುಗಳು ಬೇರೆ ಹಾಳೆಯಲ್ಲಿರುತ್ತವೆ, 2ಬಿಯಲ್ಲಿ ಅದರ ಹೆಸರು `B2B-CDNR`. ಪ್ರತಿ ಫೈಲಿನ ಬಿಲ್ಲು, ನೋಟು ಎರಡನ್ನೂ ಒಂದೇ ಪಟ್ಟಿಗೆ ತನ್ನಿ. ಕ್ರೆಡಿಟ್ ನೋಟಿನ ಮೊತ್ತ ಫೈಲಿನಲ್ಲಿ ಧನ ಸಂಖ್ಯೆಯಾಗಿಯೇ ಇರುತ್ತದೆ. ಅದನ್ನು ನೀವೇ -1ರಿಂದ ಗುಣಿಸಬೇಕು. ಮರೆತರೆ ತಪ್ಪು ಎರಡು ಪಟ್ಟಾಗುತ್ತದೆ: ನಮ್ಮ ಉದಾಹರಣೆಯಲ್ಲಿ 2ಬಿ 1,84,500 ಬದಲು 1,93,500 ಆಗಿಬಿಡುತ್ತಿತ್ತು. ವಿವರಿಸಲಾಗದ ವ್ಯತ್ಯಾಸವೊಂದು ಉಳಿದು, ಅದರ ಅರ್ಧದಷ್ಟು ಮೊತ್ತದ ಕ್ರೆಡಿಟ್ ನೋಟ್ ಇದ್ದರೆ ಮೊದಲು ಇದನ್ನೇ ಅನುಮಾನಿಸಿ.

ನಂತರ ಪ್ರತಿ ಸಾಲಿಗೆ ಒಂದು ಗುರುತು ಕಟ್ಟಿ. ಸಪ್ಲೈಯರ್‌ನ ಜಿಎಸ್‌ಟಿ ನಂಬರ್ ಮತ್ತು ಬಿಲ್ ನಂಬರ್ ಸೇರಿದರೆ ಒಂದು ಹಣಕಾಸು ವರ್ಷದೊಳಗೆ ಸಾಕು. ಜಿಎಸ್‌ಟಿ ನಂಬರ್ A ಕಾಲಂನಲ್ಲಿ, ಬಿಲ್ ನಂಬರ್ C ಕಾಲಂನಲ್ಲಿ ಇದ್ದರೆ Z ಕಾಲಂನಲ್ಲಿ ಹೀಗೆ:

```
=UPPER(TRIM(A2))&"|"&UPPER(TRIM(C2))
```

2ಎ ಹಾಳೆಯಲ್ಲಿ ನಿಂತು, ಆ ಗುರುತು 2ಬಿಯಲ್ಲಿ ಇದೆಯೇ ಎಂದು ಕೇಳಿ:

```
=COUNTIF('2B'!$Z:$Z,Z2)
```

0 ಬಂದ ಸಾಲುಗಳು 2ಎಯಲ್ಲಿ ಮಾತ್ರ ಇರುವವು. ಇದೇ ಕೆಲಸವನ್ನು 2ಬಿ ಹಾಳೆಯಲ್ಲಿ ನಿಂತೂ ಮಾಡಬೇಕು. ಬಹಳ ಜನ ಒಂದೇ ಕಡೆಯಿಂದ ನೋಡಿ ನಿಲ್ಲಿಸುತ್ತಾರೆ. ಹಾಗೆ ಮಾಡಿದ್ದರೆ ಸ್ವಿಚ್ ಸಪ್ಲೈಯರ್‌ನ ಎರಡು ಸಾಲುಗಳು ಕಾಣುತ್ತಲೇ ಇರಲಿಲ್ಲ, ಲೆಕ್ಕ 4,500 ತಪ್ಪಿ ನಿಲ್ಲುತ್ತಿತ್ತು. 1ಕ್ಕಿಂತ ಜಾಸ್ತಿ ಬಂದರೆ ಒಂದೇ ಬಿಲ್ಲು ಎರಡು ಸಲ ಸೇರಿದೆ ಎಂದರ್ಥ. ಬೇರೆ ಬೇರೆ ತೆರಿಗೆ ದರದ ಮಾಲು ಒಂದೇ ಬಿಲ್ಲಿನಲ್ಲಿದ್ದರೆ ಸಾಲುಗಳು ಒಡೆದಿರುವುದೂ ಉಂಟು. ಆಗ ಗುರುತಿನ ಪ್ರಕಾರ ಒಟ್ಟುಮಾಡಿ ಹೋಲಿಸಿ.

ಫೈಲಿಂಗ್ ತಾರೀಖು ನೋಡಿದರೆ ನವೆಂಬರ್ ಅಂತ ತೋರಿಸ್ತಾ ಇದೆ! ಮೇ ಫೈಲಿನಲ್ಲಿ ನವೆಂಬರ್ ಹೇಗೆ?

11/06/2025 ಎಂಬುದನ್ನು ನಿಮ್ಮ ಎಕ್ಸೆಲ್ ಅಮೆರಿಕದ ರೀತಿಯಲ್ಲಿ ಓದಿ ನವೆಂಬರ್ 6 ಮಾಡಿದೆ. ಪೋರ್ಟಲ್ ಫೈಲಿನ ತಾರೀಖು ಅಕ್ಷರವಾಗಿ ಇರುತ್ತದೆ. ಅದನ್ನು ತಾರೀಖಾಗಿ ಬದಲಿಸುವಾಗ ಈ ತೊಂದರೆ. ಇನ್ನೂ ಕೆಟ್ಟದ್ದೆಂದರೆ 16/06/2025 ಬದಲಾಗದೆ ಹಾಗೇ ಉಳಿಯುತ್ತದೆ, ಯಾಕೆಂದರೆ 16ನೇ ತಿಂಗಳು ಇಲ್ಲವಲ್ಲ. ಒಂದೇ ಕಾಲಂನಲ್ಲಿ ಅರ್ಧ ತಪ್ಪು ತಾರೀಖು, ಅರ್ಧ ಅಕ್ಷರ. ಕಿಟಕಿಯ ಪರೀಕ್ಷೆ ಪೂರ್ತಿ ಕೆಡುತ್ತದೆ. ತಾರೀಖು H ಕಾಲಂನಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿದ್ದರೆ ಹೀಗೆ ಬಿಡಿಸಿ ಕಟ್ಟಿ:

```
=DATE(RIGHT(H2,4),MID(H2,4,2),LEFT(H2,2))
```

ಇದನ್ನು ಮೂಲ ಕಾಲಂ ಇನ್ನೂ ಅಕ್ಷರವಾಗಿ ಇರುವಾಗಲೇ ಮಾಡಬೇಕು. ಒಮ್ಮೆ ಎಕ್ಸೆಲ್ ಬದಲಿಸಿಬಿಟ್ಟರೆ ಫೈಲನ್ನು ಹೊಸದಾಗಿ ತೆರೆಯುವುದೇ ದಾರಿ.

ಫೈಲ್ ಮಾಡಿದ ದಿನ ಕಿಟಕಿಯೊಳಗೇ ಇದೆ. ಆದರೂ 2ಬಿಯಲ್ಲಿ ಬಿಲ್ಲು ಇಲ್ಲ. ಇದೂ ಟೈಮಿಂಗ್ ಅಲ್ವಾ?

ಅಲ್ಲ. ಇಂಥ ಸಾಲು ಸಿಕ್ಕಾಗ ಕೈ ನಿಲ್ಲಿಸಿ ಕಾರಣ ಹುಡುಕಿ.

ಮೊದಲು ಪೋರ್ಟಲ್‌ನ ಐಎಂಎಸ್ ಎಂಬ ಪುಟ ನೋಡಿ. ಅಕ್ಟೋಬರ್ 2024ರಿಂದ ಸಪ್ಲೈಯರ್ ಹಾಕಿದ ಬಿಲ್ಲುಗಳು ಆ ಪುಟಕ್ಕೆ ಬರುತ್ತವೆ. ನೀವು ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಏನೂ ಮಾಡದಿದ್ದರೆ ಒಪ್ಪಿದಂತೆ. ಬಾಕಿ ಇಟ್ಟ ಬಿಲ್ಲು ಆ ತಿಂಗಳ 2ಬಿಗೆ ಬರುವುದಿಲ್ಲ. ತಿರಸ್ಕರಿಸಿದ್ದು `ITC Rejected` ಭಾಗಕ್ಕೆ ಹೋಗುತ್ತದೆ. ಅಂದರೆ ಇಲ್ಲಿ ವ್ಯತ್ಯಾಸ ಮಾಡಿದ್ದು ಗಡಿಯಾರವಲ್ಲ, ನಿಮ್ಮ ಆಫೀಸಿನವರೇ ಯಾರೋ ಒತ್ತಿದ ಗುಂಡಿ. ಒತ್ತಲು ಕಾರಣವಿದ್ದರೆ ಅದೂ ಸರಿಯಾದ ವ್ಯತ್ಯಾಸವೇ, ಆದರೆ ವಿವರಣೆಯಲ್ಲಿ ಹಾಗೆಂದೇ ಬರೆಯಿರಿ.

ಆಮೇಲೆ 2ಬಿಯ `ITC not available` ಭಾಗ ನೋಡಿ. ಉದಾಹರಣೆಗೆ ನಿಮ್ಮ ಸಿಬ್ಬಂದಿ ಚೆನ್ನೈಗೆ ಹೋಗಿ ಹೋಟೆಲ್‌ನಲ್ಲಿ ಉಳಿದರೆ, ಆ ಬಿಲ್ಲಿನ ತೆರಿಗೆಗೆ ನಿಮಗೆ ಕರ್ನಾಟಕದಲ್ಲಿ ಕ್ರೆಡಿಟ್ ಸಿಗುವುದಿಲ್ಲ. ಬಿಲ್ಲು 2ಎಯಲ್ಲಿ ಸಾಮಾನ್ಯ ಸಾಲಾಗಿ ಕಾಣುತ್ತದೆ, 2ಬಿಯಲ್ಲಿ ಸಿಗದ ಕ್ರೆಡಿಟ್ ಪಟ್ಟಿಗೆ ಸೇರುತ್ತದೆ. ನೀವು 2ಬಿಯ ಸಿಗುವ ಭಾಗದ ಮೊತ್ತವನ್ನು ಮಾತ್ರ ತೆಗೆದುಕೊಂಡಿದ್ದರೆ, ಹೋಲಿಕೆಯೇ ಸಮನಾಗಿಲ್ಲ.

ಮೂರನೆಯದು ತಿದ್ದುಪಡಿ. 2ಎಯಲ್ಲಿ ತಿದ್ದಿದ ಬಿಲ್ಲಿನ ಹಳೆಯ ಸಾಲು `B2B` ಹಾಳೆಯಲ್ಲೂ ಹೊಸದು `B2BA` ಹಾಳೆಯಲ್ಲೂ ಇರುತ್ತದೆ. ಎರಡನ್ನೂ ಕೂಡಿಸಿದರೆ ಒಂದೇ ಖರೀದಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಜಿಎಸ್‌ಟಿಆರ್-1ಎ ಮೂಲಕ ಅದೇ ತಿಂಗಳು ಸರಿಪಡಿಸಿದ್ದರೆ ಆ ಬದಲಾವಣೆ ನಿಮಗೆ ಮುಂದಿನ 2ಬಿಯಲ್ಲಿ ಬರುತ್ತದೆ.

2ಬಿ ಬದಲಾಗೋದೇ ಇಲ್ಲ ಅಂತಾರೆ. ನಾನು ಎರಡು ಸಲ ಇಳಿಸಿದಾಗ ಬೇರೆ ಬೇರೆ ಬಂತಲ್ಲ?

ಐಎಂಎಸ್ ಬರುವ ಮುಂಚೆ ಬದಲಾಗುತ್ತಿರಲಿಲ್ಲ. ಈಗ 14ಕ್ಕೆ ಬರುವುದು ಕರಡು. ಅದಾದ ಮೇಲೆ ನೀವು ಐಎಂಎಸ್‌ನಲ್ಲಿ ಏನಾದರೂ ಬದಲಿಸಿದರೆ ಮರುಲೆಕ್ಕ ಮಾಡಿಸಬೇಕು, ನೀವು ಕ್ರೆಡಿಟ್ ತೆಗೆಯುವ ಜಿಎಸ್‌ಟಿಆರ್-3ಬಿ ರಿಟರ್ನ್ ಫೈಲ್ ಮಾಡುವವರೆಗೆ ಇದಕ್ಕೆ ಅವಕಾಶ ಇದೆ. ಹಾಗಾಗಿ 14ರ ಫೈಲು ಮತ್ತು 18ರ ಫೈಲು ಬೇರೆ ಇರಬಹುದು. ಕಿಟಕಿ ಮಾತ್ರ ಅದೇ: ಜೂನ್ 16ಕ್ಕೆ ಫೈಲ್ ಆದ ಬಿಲ್ಲು ಎಷ್ಟು ಸಲ ಮರುಲೆಕ್ಕ ಮಾಡಿದರೂ ಮೇ 2ಬಿಗೆ ಬರುವುದಿಲ್ಲ.

ಫೈಲಿನ ಹೆಸರಲ್ಲೇ ತಿಂಗಳನ್ನೂ ಇಳಿಸಿದ ದಿನವನ್ನೂ ಬರೆದಿಡಿ. 2ಎಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಜುಲೈ 5ರಂದು ಅದು ಹೇಗಿತ್ತು ಎಂದು ಪೋರ್ಟಲ್‌ನಿಂದ ಆಮೇಲೆ ತೆಗೆಯಲು ಬರುವುದಿಲ್ಲ.

ಒಂದೆರಡು ರೂಪಾಯಿ ವ್ಯತ್ಯಾಸ ಉಳಿದರೆ ಬಿಡಬಹುದಾ?

ನಿಮ್ಮ ಪುಸ್ತಕಕ್ಕೂ 2ಬಿಗೂ ಹೋಲಿಸುವಾಗ ಬಿಡಬಹುದು. ನೀವು ಒಂದು ರೀತಿ ಪೈಸೆ ಸುತ್ತು ಮಾಡಿರುತ್ತೀರಿ, ಅವರು ಇನ್ನೊಂದು ರೀತಿ. ಆದರೆ 2ಎಗೂ 2ಬಿಗೂ ಬಿಡಬೇಡಿ. ಎರಡರಲ್ಲೂ ಇರುವುದು ಸಪ್ಲೈಯರ್ ಬರೆದ ಅದೇ ಅಂಕಿ. ಅಲ್ಲಿ ಸುತ್ತು ಮಾಡುವವರು ಯಾರೂ ಇಲ್ಲ. ಒಂದು ರೂಪಾಯಿ ಉಳಿದರೂ ಯಾವುದೋ ಸಾಲು ಬದಲಾಗಿದೆ, ಇಲ್ಲವೇ ನೀವು ಕೂಡುವಾಗ ಏನೋ ಬಿಟ್ಟಿದ್ದೀರಿ.

ಹಾಗಾದರೆ 3ಬಿಯಲ್ಲಿ ಯಾವ ಮೊತ್ತ ತೆಗೆದುಕೊಳ್ಳಬೇಕು?

2ಬಿಯದು. 2022ರ ಜನವರಿ 1ರಿಂದ ಜಾರಿಗೆ ಬಂದ ಸಿಜಿಎಸ್‌ಟಿ ಕಾಯ್ದೆಯ 16(2)(ಎಎ) ಪ್ರಕಾರ ಸಪ್ಲೈಯರ್ ರಿಟರ್ನ್‌ನಲ್ಲಿ ತೋರಿಸಿ, ಅದು ನಿಮಗೆ ತಿಳಿಸಲ್ಪಟ್ಟಿದ್ದರೆ ಮಾತ್ರ ಕ್ರೆಡಿಟ್. ಉದಾಹರಣೆಯ ಅಂಗಡಿ 2,05,200 ತೆಗೆದುಕೊಳ್ಳುವಂತಿಲ್ಲ. 1,84,500 ಒಳಗೂ ಮಾಲು ಕೈಸೇರದ ಬಿಲ್ಲು, ಕಾನೂನು ತಡೆದ ಖರ್ಚು ಇದ್ದರೆ ಅವನ್ನು ಕಳೆಯಬೇಕು. ವೈರ್ ಬಿಲ್ಲಿನ 18,000 ಹೋಗಲಿಲ್ಲ, ಒಂದು ತಿಂಗಳು ಮುಂದೆ ಹೋಯಿತು. ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಫೈಲ್ ಮಾಡಿದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಸಮಯ ಇದೆ. ಫ್ಯಾನ್ ಬಿಲ್ಲಿನಂಥ `N` ಸಾಲುಗಳಿಗೆ ಈ ಗಡುವೇ ನಿಜವಾದ ಅಪಾಯ.

ಇಲಾಖೆಯಿಂದ ಡಿಆರ್‌ಸಿ-01ಸಿ ಬಂದರೆ ಏನು ಬರೆಯಬೇಕು?

3ಬಿಯಲ್ಲಿ ತೆಗೆದ ಕ್ರೆಡಿಟ್ 2ಬಿಗಿಂತ ನಿಗದಿತ ಮಿತಿ ಮೀರಿ ಜಾಸ್ತಿ ಇದ್ದಾಗ ಈ ತಿಳಿವಳಿಕೆ ಬರುತ್ತದೆ. ಏಳು ದಿನದೊಳಗೆ ಹಣ ಕಟ್ಟಬೇಕು ಅಥವಾ ಕಾರಣ ಕೊಡಬೇಕು. 'ಟೈಮಿಂಗ್ ವ್ಯತ್ಯಾಸ' ಎಂಬ ಎರಡು ಪದ ಉತ್ತರವಾಗುವುದಿಲ್ಲ. ಪ್ರತಿ ಸಾಲಿಗೆ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತೆರಿಗೆ, ರಿಟರ್ನ್ ಅವಧಿ, ಫೈಲ್ ಮಾಡಿದ ದಿನ, ಮತ್ತು ಅದು ಯಾವ ತಿಂಗಳ 2ಬಿಯಲ್ಲಿ ಬಂದಿದೆ ಎಂಬುದನ್ನು ಕೊಡಿ. ಉದಾಹರಣೆಗೆ ಹೀಗೆ ಬರೆಯಬಹುದು: "ಈ ಬಿಲ್ಲು ಏಪ್ರಿಲ್ 2ಬಿಯಲ್ಲಿ ಬಂದಿತ್ತು, ಮಾಲು ಮೇ 6ಕ್ಕೆ ಕೈಸೇರಿದ್ದರಿಂದ ಕ್ರೆಡಿಟನ್ನು ಮೇ ತಿಂಗಳಲ್ಲಿ ತೆಗೆದಿದ್ದೇವೆ. ಮಾಲು ಬಂದ ರಸೀದಿ ಜೊತೆಗಿದೆ." ಬಿಲ್ಲು ಯಾವ 2ಬಿಯಲ್ಲೂ ಇಲ್ಲದಿದ್ದರೆ ತೆಗೆದ ಕ್ರೆಡಿಟನ್ನು ಬಡ್ಡಿ ಲೆಕ್ಕ ಹಾಕಿ ವಾಪಸ್ ಮಾಡುವ ಬಗ್ಗೆ ನಿಮ್ಮ ಸಿಎ ಹತ್ತಿರ ಆ ಏಳು ದಿನದೊಳಗೇ ಮಾತಾಡಿ.